ಮ್ಯಾನೇಜರ್ ಓದದ ಪತ್ರಕ್ಕೆ ಮ್ಯಾನೇಜರ್ ಸಹಿ

ಪ್ರಶ್ನೆ: ಕೆನಡಾ ಪಿಆರ್‌ಗೆ, ಅಂದರೆ ಅಲ್ಲಿನ ಕಾಯಂ ವಾಸಕ್ಕೆ, ಅರ್ಜಿ ಹಾಕಲು ಐಟಿಎ ಎಂಬ ಆಹ್ವಾನ ಬಂದು 12 ದಿನ ಆಯಿತು. 2019ರ ಜೂನ್‌ನಿಂದ 2022ರ ಆಗಸ್ಟ್‌ವರೆಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಎಚ್‌ಆರ್ ಕೊಟ್ಟಿದ್ದು ರಿಲೀವಿಂಗ್ ಲೆಟರ್ ಮಾತ್ರ, ಏನು ಕೆಲಸ ಮಾಡಿದೆ ಅಂತ ಅದರಲ್ಲಿಲ್ಲ. ಆಗಿನ ಮ್ಯಾನೇಜರ್‌ಗೆ ಫೋನ್ ಮಾಡಿದರೆ, “ನಾನು ಟೂರ್‌ನಲ್ಲಿದ್ದೀನಿ, ನೀನೇ ಬರ್ಕೊಂಡು ನನ್ನ ಸಹಿ ಹಾಕ್ಕೊಂಡ್ಬಿಡು, ನನ್ನದೇನೂ ಅಭ್ಯಂತರ ಇಲ್ಲ” ಅಂದರು. ಸ್ನೇಹಿತರು ಎಲ್ಲರೂ ಹೀಗೇ ಮಾಡೋದು ಅಂತಾರೆ. ಹೇಗೂ ಕರಡು ನಾವೇ ಬರೆಯೋದು, ಅವರೂ ಒಪ್ಪಿದ್ದಾರೆ. ಅಂದ ಮೇಲೆ ಸಹಿ ಯಾರು ಹಾಕಿದರೇನು? ನಾನು ಬರೆದ ಕರಡನ್ನು ಜೊತೆಗಿಟ್ಟಿದ್ದೇನೆ. — ಹೆಸರು ಬೇಡ, ಬೆಂಗಳೂರು

ಉತ್ತರ: ಕರಡು ನೀವು ಬರೆಯಬಹುದು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಸಹಿ ಮಾತ್ರ ನೀವು ಹಾಕಬೇಡಿ, ಅವರೇ ಹಾಕ್ಕೋ ಅಂದಿದ್ದರೂ. ಈ ಎರಡರ ನಡುವೆ ಇರುವುದು ಬರೀ ಸಹಿಯ ಅಂತರ ಎಂದು ನಿಮಗೆ ಅನಿಸಿದೆ. ನಿಮ್ಮ ಕರಡನ್ನು ಓದಿದ ಮೇಲೆ ನನಗೆ ಅನಿಸಿದ್ದು ಬೇರೆ. ಅದರಲ್ಲಿ ನಾಲ್ಕು ಕಡೆ ನಿಮ್ಮ ಮ್ಯಾನೇಜರ್ ಹೇಳಲಾರದ, ಅಥವಾ ಹೇಳಬಾರದ ಮಾತುಗಳಿವೆ. ಅವರು ಒಮ್ಮೆ ಓದಿದ್ದರೆ ಆ ನಾಲ್ಕೂ ಅಲ್ಲೇ ಬಿದ್ದುಹೋಗುತ್ತಿದ್ದವು.

ಹಳೆಯ ಕ್ರಯಪತ್ರ ಮನೆಯಲ್ಲಿದ್ದರೆ ಕೊನೆಯ ಪುಟ ತೆಗೆದು ನೋಡಿ. ಮಾರಿದವರ ರುಜು ಒಂದು ಕಡೆ, ಸಾಕ್ಷಿಗಳದ್ದು ಇನ್ನೊಂದು ಕಡೆ, ಕೆಳಗೆ “ಬಿಕ್ಕಲಂ” ಎಂದು ಬರೆದು ಪತ್ರ ಬರೆದುಕೊಟ್ಟವನ ಹೆಸರು. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತ ಪತ್ರಬರಹಗಾರ ಇಡೀ ಒಕ್ಕಣೆ ಬರೆದಿರುತ್ತಾನೆ, ಜಮೀನಿನವರು ಒಂದು ಸಾಲೂ ಬರೆದಿರುವುದಿಲ್ಲ. ಆದರೂ ಅದು ಜಮೀನಿನವರ ಪತ್ರವೇ, ಏಕೆಂದರೆ ಅವರು ಓದಿಸಿ ಕೇಳಿ ಒಪ್ಪಿ ರುಜು ಹಾಕಿದ್ದಾರೆ. ಬರಹಗಾರ ತಾನೇ ರುಜುವನ್ನೂ ಹಾಕಿಬಿಟ್ಟರೆ ಆ ಕಾಗದದ ಕಥೆ ಏನಾಗುತ್ತದೆ ಎಂದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ನಿಮ್ಮ ಪತ್ರದಲ್ಲಿ ನೀವು ಬಿಕ್ಕಲಂ. ಅಷ್ಟೇ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಭಾರತೀಯ ನ್ಯಾಯ ಸಂಹಿತೆಯ 335ನೇ ಕಲಂ ಸುಳ್ಳು ದಾಖಲೆ ಎಂದರೇನೆಂದು ಹೇಳುತ್ತದೆ (ಹಿಂದೆ ಇದು ಐಪಿಸಿಯ 464 ಆಗಿತ್ತು). ಅದು ಮುಖ್ಯವಾಗಿ ಕೇಳುವುದು ದಾಖಲೆಯನ್ನು ಮಾಡಿದವರು ಯಾರು ಎಂದು. ಒಬ್ಬರು ಮಾಡದ, ಅವರ ಅಧಿಕಾರವೂ ಇಲ್ಲದ ದಾಖಲೆಯನ್ನು ಅವರದೇ ಎಂದು ನಂಬಿಸುವ ಉದ್ದೇಶದಿಂದ ಅಪ್ರಾಮಾಣಿಕವಾಗಿ ಮಾಡಿದರೆ ಅದು ಸುಳ್ಳು ದಾಖಲೆ. “ನಾನು ಕೆಲಸ ಮಾಡಿದ್ದು ನಿಜ ತಾನೆ” ಎಂಬ ಸಮಜಾಯಿಷಿ ಇಲ್ಲಿ ಹೆಚ್ಚು ದೂರ ಓಡುವುದಿಲ್ಲ. ಒಳಗಿರುವ ಮಾತೆಲ್ಲ ನಿಜವಾಗಿದ್ದೂ ಪತ್ರ ಸುಳ್ಳಾಗಿರಬಹುದು.

ನಿಮ್ಮ ಮ್ಯಾನೇಜರ್ ಬಾಯಿಮಾತಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ, ಹಾಗಾಗಿ “ಅಧಿಕಾರ” ಇತ್ತಲ್ಲ ಎಂದು ನೀವು ವಾದಿಸಬಹುದು. ಒಪ್ಪಿಗೆಯೇ ಇಲ್ಲದೆ ಮಾಡಿದವರಿಗಿಂತ ನಿಮ್ಮ ಸ್ಥಿತಿ ಖಂಡಿತ ಬೇರೆ. ಆದರೆ ಅವರು ಯಾವುದಕ್ಕೆ ಒಪ್ಪಿದರು? ನಿಮ್ಮ ಕರಡಿನ ಒಂದು ಸಾಲನ್ನೂ ಅವರು ನೋಡಿಲ್ಲ. ಅವರು ಕೊಟ್ಟದ್ದು ನಿಮ್ಮ ಮೇಲಿನ ವಿಶ್ವಾಸ. ಪತ್ರದಲ್ಲಿರುವುದು “ನಾನು ಇವರ ಮೇಲ್ವಿಚಾರಕನಾಗಿದ್ದೆ, ಇವರು ಇಂತಿಂಥ ಕೆಲಸ ಮಾಡಿದ್ದನ್ನು ದೃಢೀಕರಿಸುತ್ತೇನೆ” ಎಂಬ ಸಾಕ್ಷಿಯ ಮಾತು. ಸಾಕ್ಷಿ ಹೇಳುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿಕೊಡಲು ಬರುವುದಿಲ್ಲ. ಹಾಗಾಗಿ ಅವರು ಒಪ್ಪಿದ್ದರೂ ಓದದ ಪತ್ರದಲ್ಲಿ ಒಂದು ಸುಳ್ಳು ಉಳಿದೇ ಉಳಿಯುತ್ತದೆ: ದೃಢೀಕರಿಸುತ್ತೇನೆ ಎಂಬ ಕ್ರಿಯಾಪದ.

ಇದು ತರ್ಕದ ಕಸರತ್ತಿನ ಹಾಗೆ ಕಾಣಬಹುದು. ಅದು ಕಸರತ್ತಲ್ಲ ಎಂದು ನನಗೆ ಗೊತ್ತಾದದ್ದು ಹೇಗೆಂದು ಹೇಳುತ್ತೇನೆ. ನಾನು ಎಚ್‌ಆರ್‌ನಲ್ಲಿದ್ದ ವರ್ಷಗಳಲ್ಲಿ ಹೊರಗಿನಿಂದ ಬರುವ ವೆರಿಫಿಕೇಶನ್ ಮೇಲ್‌ಗಳಿಗೆ ಉತ್ತರಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಒಮ್ಮೆ ಬಿಟ್ಟುಹೋದ ಹುಡುಗನೊಬ್ಬನ ಪತ್ರ ಬಂತು, ನಮ್ಮದೇ ಒಬ್ಬ ಮ್ಯಾನೇಜರ್ ಹೆಸರಿನಲ್ಲಿ, ಸಹಿ ಸಮೇತ. ನಾನು ಪ್ರಿಂಟ್ ತೆಗೆದುಕೊಂಡು ಅವರ ಮೇಜಿನ ಹತ್ತಿರ ಹೋದೆ. ಅವರು ಓದುತ್ತ ಓದುತ್ತ, “ಇದನ್ನ ಯಾರು ಬರೆದದ್ದು?” ಎಂದು ನನ್ನನ್ನೇ ಕೇಳಿದರು. ಹುಡುಗನ ಮೇಲೆ ಅವರಿಗೆ ಪ್ರೀತಿಯಿತ್ತು, ವಾಟ್ಸಾಪ್‌ನಲ್ಲಿ “ನೀನೇ ಮಾಡ್ಕೋ” ಎಂದಿದ್ದೂ ನೆನಪಾಯಿತು. ಆದರೆ ಪತ್ರದ ಪ್ರಕಾರ ಅವರು ಆ ಹುಡುಗನನ್ನು ಮೊದಲ ದಿನದಿಂದ ನೋಡಿದ್ದರು, ನಿಜದಲ್ಲಿ ಅವರು ಕಂಪನಿಗೆ ಸೇರಿದ್ದೇ ಅವನು ಸೇರಿ ಎರಡು ವರ್ಷವಾದ ಮೇಲೆ. ಅವರು ಒಂದು ನಿಮಿಷ ಸುಮ್ಮನಿದ್ದು, “ನನಗೆ ಗೊತ್ತಿರೋದನ್ನ ಮಾತ್ರ ಹೇಳ್ತೀನಿ” ಎಂದರು. ನಾನೂ ನಮ್ಮ ದಾಖಲೆಯಲ್ಲಿ ಏನಿತ್ತೋ ಅಷ್ಟನ್ನೇ ಬರೆದು ಕಳಿಸಿದೆ. ಆ ಹುಡುಗ ಮೋಸಗಾರನೇನಲ್ಲ. ಸೇರಿದ ದಿನಾಂಕ ಎಲ್ಲಿಂದಲೋ ತೆಗೆದು “ನನ್ನ ಮೇಲ್ವಿಚಾರಣೆಯಲ್ಲಿ” ಎಂಬ ಮಾತಿನ ಪಕ್ಕ ಇಟ್ಟಿದ್ದ, ಅಷ್ಟೇ.

ಕೆನಡಾದ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ನೋಡಿ. ಅಂಕಗಳ ಆಧಾರದ ಮೇಲೆ ಆಹ್ವಾನ ಕೊಡುವ ಎಕ್ಸ್‌ಪ್ರೆಸ್ ಎಂಟ್ರಿಯ ಅರ್ಜಿಗೆ ಅಲ್ಲಿನ ವಲಸೆ ಇಲಾಖೆ ಐಆರ್‌ಸಿಸಿ ಕೇಳುವ ಉದ್ಯೋಗ ಪತ್ರದಲ್ಲಿ ನಿಮ್ಮ ಹೆಸರು, ಕಂಪನಿಯ ವಿಳಾಸ, ಫೋನ್, ಇಮೇಲ್ ಇರಬೇಕು. ನೇರ ಮೇಲಧಿಕಾರಿ ಅಥವಾ ಎಚ್‌ಆರ್ ಅಧಿಕಾರಿಯ ಹೆಸರು, ಹುದ್ದೆ, ಸಹಿ ಇರಬೇಕು. ನೀವು ನಿಭಾಯಿಸಿದ ಹುದ್ದೆಗಳು, ಅವುಗಳ ಕೆಲಸಕಾರ್ಯ, ದಿನಾಂಕಗಳು, ವಾರಕ್ಕೆ ಎಷ್ಟು ಗಂಟೆ, ವಾರ್ಷಿಕ ಸಂಬಳ ಮತ್ತು ಇತರ ಸೌಲಭ್ಯ ಇಷ್ಟೂ ಬೇಕು, ಅದೂ ಕಂಪನಿಯ ಲೆಟರ್‌ಹೆಡ್‌ನಲ್ಲಿ. ಫೋನ್, ಇಮೇಲ್ ಕೇಳುವುದು ಅಲಂಕಾರಕ್ಕಲ್ಲ. ಅಧಿಕಾರಿಗೆ ಅನುಮಾನ ಬಂದರೆ ಸಹಿ ಮಾಡಿದವರನ್ನೇ ಕೇಳಬಹುದು. ಕರೆ ಬಂದ ದಿನ ನಿಮ್ಮ ಮ್ಯಾನೇಜರ್ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಎಳೆದುಕೊಂಡು ಹೋಗುತ್ತಿರಬಹುದು. ತಾನು ಓದದ ಪತ್ರದ ಬಗ್ಗೆ ಅವರು ಏನು ಹೇಳಬಲ್ಲರು? “ಹೌದು ಹೌದು, ಒಳ್ಳೆ ಹುಡುಗ” ಎಂಬುದು ಉತ್ತರವಲ್ಲ. “ವಾರಕ್ಕೆ ಎಷ್ಟು ಗಂಟೆ, ಯಾವ ತಿಂಗಳಿಂದ ನಿಮ್ಮ ಕೆಳಗಿದ್ದರು” ಎಂಬ ಪ್ರಶ್ನೆಗೆ ಅವರ ಬಾಯಿಂದ ಬರುವುದು, ಪತ್ರದಲ್ಲಿರುವುದು ಬೇರೆ ಬೇರೆಯಾದರೆ ಅಧಿಕಾರಿ ನಿಮಗೆ ಒಂದು ಪತ್ರ ಕಳಿಸಿ ವಿವರಣೆ ಕೇಳುತ್ತಾರೆ. ಅದಕ್ಕೆ ಪ್ರೊಸೀಜರಲ್ ಫೇರ್‌ನೆಸ್ ಲೆಟರ್ ಎನ್ನುತ್ತಾರೆ, ಉತ್ತರಿಸಲು ಸಿಗುವುದು ಕೆಲವೇ ದಿನ. ಆ ವಿವರಣೆ ಒಪ್ಪಿಗೆಯಾಗದಿದ್ದರೆ ಅಲ್ಲಿನ ವಲಸೆ ಕಾಯಿದೆಯ 40ನೇ ಕಲಂ ಅನ್ವಯವಾಗುತ್ತದೆ, ಅಂದರೆ 5 ವರ್ಷ ಕೆನಡಾದ ಬಾಗಿಲು ಮುಚ್ಚಿದಂತೆ. ಆ ಕಲಮಿನ ಮಾತು ಬಿಗಿಯಾಗಿದೆ. ತಪ್ಪು ಮಾಹಿತಿಯಿಂದ ಅಧಿಕಾರಿ ದಾರಿತಪ್ಪಿರಲೇಬೇಕು ಎಂದಿಲ್ಲ, ದಾರಿತಪ್ಪುವ ಸಾಧ್ಯತೆ ಇದ್ದರೆ ಸಾಕು. ನೇರವಾಗಿ ನೀವೇ ಹೇಳಿದ್ದಿರಬೇಕು ಎಂದೂ ಇಲ್ಲ. ಆದ್ದರಿಂದ “ಕನ್ಸಲ್ಟೆಂಟ್ ಮಾಡಿಕೊಟ್ಟಿದ್ದು, ನನಗೆ ಗೊತ್ತಿರಲಿಲ್ಲ” ಎಂಬುದೂ ಸಾಮಾನ್ಯವಾಗಿ ಉಳಿಸುವುದಿಲ್ಲ.

ಈಗ ನಿಮ್ಮ ಕರಡಿಗೆ ಬರೋಣ. ಪತ್ರ ಇಂಗ್ಲಿಷಿನಲ್ಲಿದೆ, ನಾನು ಅದರ ಸಾರವನ್ನಷ್ಟೇ ಹಿಡಿದು ಮಾತಾಡುತ್ತೇನೆ.

ಮೊದಲ ಪ್ಯಾರಾದಲ್ಲಿ ಅವರು ನಿಮ್ಮನ್ನು 2019ರ ಜೂನ್‌ನಿಂದ ನೋಡಿದ್ದಾಗಿ ಬರೆದಿದ್ದೀರಿ. ಆದರೆ ಕೆಳಗೆ ನಿಮ್ಮದೇ ಟಿಪ್ಪಣಿಯಲ್ಲಿ ಆ ತಂಡಕ್ಕೆ ಅವರು ಬಂದದ್ದು 2021ರ ಜನವರಿಯಲ್ಲಿ ಎಂದಿದೆ. ಅಂದರೆ ನಿಮ್ಮ 39 ತಿಂಗಳಲ್ಲಿ ಅವರು ಕಣ್ಣಾರೆ ಕಂಡದ್ದು 20 ತಿಂಗಳು, ಉಳಿದ 19 ತಿಂಗಳು ಬೇರೊಬ್ಬ ಮ್ಯಾನೇಜರದ್ದು. ನನ್ನ ಕಥೆಯ ಹುಡುಗ ಮಾಡಿದ ತಪ್ಪೇ ಇದು. ಸಾಲನ್ನು ಹೀಗೆ ಒಡೆಯಿರಿ: “ಇವರು ಕಂಪನಿಯಲ್ಲಿ 2019ರ ಜೂನ್‌ನಿಂದ 2022ರ ಆಗಸ್ಟ್‌ವರೆಗೆ ಇದ್ದರೆಂದು ಕಂಪನಿಯ ದಾಖಲೆಗಳು ಹೇಳುತ್ತವೆ. ಈ ಪೈಕಿ 2021ರ ಜನವರಿಯಿಂದ ಕೊನೆಯವರೆಗೆ ಇವರು ನೇರವಾಗಿ ನನಗೆ ವರದಿ ಮಾಡುತ್ತಿದ್ದರು. ಕೆಳಗಿನ ವಿವರ ಆ ಅವಧಿಗೆ ಸಂಬಂಧಿಸಿದ್ದು.” ಮೊದಲ ವಾಕ್ಯಕ್ಕೆ ಆಧಾರ ಕಾಗದ, ಎರಡನೆಯದಕ್ಕೆ ಆಧಾರ ಅವರು. ಓದುವ ಅಧಿಕಾರಿಗೆ ಈ ಎರಡು ಬೇರೆ ಬೇರೆ ಎಂದು ಕಂಡರೆ ಪತ್ರದ ತೂಕ ಹೆಚ್ಚುತ್ತದೆ. ಹಿಂದಿನ 19 ತಿಂಗಳಿಗೆ ಆಗಿನ ಮ್ಯಾನೇಜರನ್ನೇ ಹುಡುಕಿ, ಇನ್ನೊಂದು ಪತ್ರ ಕೇಳಿ.

ಎರಡನೆಯದು, ಇಡೀ ಅವಧಿಗೆ ನಿಮ್ಮನ್ನು ಡೆವಲಪರ್ ಎಂದು ಬರೆದಿದ್ದೀರಿ. ಟಿಪ್ಪಣಿಯ ಪ್ರಕಾರ 2020ರ ಜುಲೈವರೆಗೆ, ಅಂದರೆ ಮೊದಲ 14 ತಿಂಗಳು, ನೀವು ಗ್ರಾಹಕರ ಟಿಕೆಟ್ ನೋಡುವ ಸಪೋರ್ಟ್ ತಂಡದಲ್ಲಿದ್ದಿರಿ. ಯಾಕೆ ಹೀಗೆ ಮಾಡಿದಿರಿ ಎಂದು ಊಹಿಸಬಲ್ಲೆ: ಸಪೋರ್ಟ್ ಎಂದರೆ ಅನುಭವ ಲೆಕ್ಕಕ್ಕೆ ಬರುವುದಿಲ್ಲ ಎಂಬ ಭಯ. ಕೆನಡಾದ ಎನ್‌ಒಸಿ ಪಟ್ಟಿ ತೆಗೆದು ನೋಡಿ (ನಮ್ಮ ಸರ್ಕಾರಿ ಕಚೇರಿಯ ಎನ್‌ಒಸಿ ಅಲ್ಲ, ಅಲ್ಲಿ ಅದು ಉದ್ಯೋಗಗಳ ವರ್ಗೀಕರಣ). ಡೆವಲಪರ್ ಮತ್ತು ಪ್ರೋಗ್ರಾಮರ್‌ಗಳ ಸಂಖ್ಯೆ 21232. ಬಳಕೆದಾರರಿಗೆ ನೆರವಾಗುವ ತಂತ್ರಜ್ಞರದ್ದು 22221. ಎರಡನೇ ಅಂಕಿ ಆ ಉದ್ಯೋಗದ ಟಿಯರ್ ಮಟ್ಟವನ್ನು, ಅಂದರೆ ಅದಕ್ಕೆ ಎಷ್ಟು ಶಿಕ್ಷಣ, ತರಬೇತಿ ಬೇಕೆಂಬುದನ್ನು ಹೇಳುತ್ತದೆ, ಒಂದರದ್ದು 1, ಇನ್ನೊಂದರದ್ದು 2. ವಿದೇಶಿ ಅನುಭವದ ಅಂಕಗಳಿಗೆ 0ಯಿಂದ 3ರವರೆಗಿನ ಟಿಯರ್‌ಗಳೆಲ್ಲ ಪರಿಗಣನೆಗೆ ಬರುತ್ತವೆ. ನಿಮ್ಮ ಸಪೋರ್ಟ್ ಕೆಲಸ 22221ರ ವಿವರಣೆಗೆ ಹೊಂದುವುದಾದರೆ ಆ 14 ತಿಂಗಳೂ ಎಣಿಕೆಗೆ ಸೇರುತ್ತವೆ. ಇನ್ನು ಎಕ್ಸ್‌ಪ್ರೆಸ್ ಎಂಟ್ರಿಯ ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಯಲ್ಲಿ ಮುಖ್ಯ ಉದ್ಯೋಗದಲ್ಲಿ ಬೇಕಾದದ್ದು ಒಂದು ವರ್ಷದ ನಿರಂತರ ಪೂರ್ಣಾವಧಿ ಅನುಭವ, ಅದಕ್ಕೆ ನಿಮ್ಮ ಈ ಮ್ಯಾನೇಜರ್ ಕಂಡ 20 ತಿಂಗಳೇ ಸಾಕು. ಲಾಭವೇ ಇಲ್ಲದ ಕಡೆ ಸುಳ್ಳು ಹೇಳಲು ಹೊರಟಿದ್ದೀರಿ. ಬಹಳ ಜನರ ಕರಡಿನಲ್ಲಿ ನಾನು ಕಂಡದ್ದು ಇದೇ. ಆಸೆಗಿಂತ ಹೆಚ್ಚಾಗಿ ಗಾಬರಿಯಲ್ಲಿ ತಪ್ಪು ಬರೆದಿರುತ್ತಾರೆ.

ಅದೇ ಪುಟದಲ್ಲಿ ಕೆಲಸಕಾರ್ಯಗಳ ಪಟ್ಟಿಯನ್ನು ಎನ್‌ಒಸಿ ಪುಟದಿಂದ ಅಕ್ಷರಕ್ಕೆ ಅಕ್ಷರ ಇಳಿಸಿದ್ದೀರಿ. ದಿನವೂ ಆ ಪುಟ ನೋಡುವ ಅಧಿಕಾರಿಗೆ ಇದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ನಿಮ್ಮ ಮ್ಯಾನೇಜರಿಗೂ ಅದು ಪರಕೀಯವಾಗಿ ಕಾಣುತ್ತದೆ, ಏಕೆಂದರೆ ಯಾರೂ ಕಚೇರಿಯಲ್ಲಿ ಹಾಗೆ ಮಾತಾಡುವುದಿಲ್ಲ. ನೀವು ನಿಜಕ್ಕೂ ಮಾಡಿದ್ದು ಬಿಲ್ಲಿಂಗ್ ಮಾಡ್ಯೂಲ್‌ಗೆ ಜಾವಾದಲ್ಲಿ ಕೋಡ್ ಬರೆದದ್ದು, ರಿಲೀಸ್‌ಗೆ ಮುಂಚೆ ಟೆಸ್ಟ್ ಕೇಸ್ ಸರಿಮಾಡಿದ್ದು, ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಡೇಟಾ ಸಾಗಿಸಿದ್ದು. ಅದನ್ನೇ ಬರೆಯಿರಿ. ಐದಾರು ವಾಕ್ಯ ಸಾಕು. ಆ ವಾಕ್ಯ ಓದಿದಾಗ ಮ್ಯಾನೇಜರಿಗೆ “ಹೌದು, ಆ ಬಿಲ್ಲಿಂಗ್ ಕಾಟ” ಎಂದು ನೆನಪಾಗಬೇಕು. ಹಾಗೆ ನೆನಪಾದದ್ದನ್ನು ಅವರು ಆರು ತಿಂಗಳ ಮೇಲೂ ಫೋನಿನಲ್ಲಿ ಹೇಳಬಲ್ಲರು.

ಮೂರನೆಯದು, “ಆರು ಜನರ ತಂಡವನ್ನು ಮುನ್ನಡೆಸಿದರು” ಎಂಬ ಸಾಲು. ಇದು ನಿಜವೋ ಅಲ್ಲವೋ ನನಗೆ ತಿಳಿಯದು. ನೀವೂ ಒಬ್ಬರೇ ಕೂತು ತೀರ್ಮಾನಿಸಬಾರದ ವಿಷಯ ಇದು. ಇಬ್ಬರು ಹೊಸಬರಿಗೆ ಕೆಲಸ ಕಲಿಸಿದ್ದು ನಮ್ಮ ನೆನಪಿನಲ್ಲಿ ಕ್ರಮೇಣ ತಂಡ ಮುನ್ನಡೆಸಿದ್ದಾಗಿಬಿಡುತ್ತದೆ. ಅದು ಸುಳ್ಳಲ್ಲ, ಮನುಷ್ಯನ ಸ್ವಭಾವ. ಮೇಲೆ ಕೂತು ನೋಡಿದವರು ಅದನ್ನು ಅದರ ಅಳತೆಗೆ ಇಳಿಸುತ್ತಾರೆ. ಆ ಸಂಖ್ಯೆಯನ್ನು ಖಾಲಿ ಬಿಡಿ.

ನಾಲ್ಕನೆಯದು ಸಂಬಳ ಮತ್ತು ಗಂಟೆ. ನಿಮ್ಮ ಸಿಟಿಸಿ ಪೈಸೆಯವರೆಗೆ ಬರೆದಿದ್ದೀರಿ. ಅನೇಕ ಕಂಪನಿಗಳಲ್ಲಿ ಮ್ಯಾನೇಜರಿಗೆ ಆ ಅಂಕಿ ಸರಿಯಾಗಿ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಕಂಪನಿಯ ಪರವಾಗಿ ಅದನ್ನು ದೃಢೀಕರಿಸುವ ಅಧಿಕಾರ ಇರುವುದಿಲ್ಲ. ಸಂಬಳ ಎಚ್‌ಆರ್ ಬಾಯಲ್ಲಿ ಬರಬೇಕಾದ ಮಾತು. ಎಚ್‌ಆರ್‌ಗೆ ಮತ್ತೊಮ್ಮೆ ಬರೆದು, ದಿನಾಂಕ, ಹುದ್ದೆ, ಸಂಬಳ, ವಾರದ ಗಂಟೆ ಇಷ್ಟಿರುವ ಸರ್ವಿಸ್ ಸರ್ಟಿಫಿಕೇಟ್ ಕೇಳಿ. ಕೆಲಸಕಾರ್ಯ ಬರೆದುಕೊಡುವುದಿಲ್ಲ ಎನ್ನುವ ಎಚ್‌ಆರ್ ಕೂಡ ಇದನ್ನು ಕೊಡುವ ಸಾಧ್ಯತೆ ಹೆಚ್ಚು, ಏಕೆಂದರೆ ಎಲ್ಲವೂ ಅವರ ಸಿಸ್ಟಂನಲ್ಲೇ ಇರುತ್ತದೆ. ಗಂಟೆಯ ವಿಷಯದಲ್ಲಿ ನಮ್ಮೂರಿನ ಆಫರ್ ಲೆಟರ್‌ಗಳು ಒಂದು ತೊಡಕು ತರುತ್ತವೆ. ದಿನಕ್ಕೆ 9 ಗಂಟೆ ಎಂದು ಬರೆದು ಅದರಲ್ಲೇ ಊಟದ ಗಂಟೆ ಸೇರಿಸಿರುತ್ತಾರೆ. 45 ಎನ್ನುವುದೋ 40 ಎನ್ನುವುದೋ? ಕೆನಡಾಕ್ಕೆ ಪೂರ್ಣಾವಧಿ ಎಂದರೆ ವಾರಕ್ಕೆ 30 ಗಂಟೆ, ಆದ್ದರಿಂದ ಎರಡರಲ್ಲಿ ಯಾವುದಾದರೂ ನಿಮಗೆ ನಷ್ಟವಿಲ್ಲ. ಆದರೆ ಎಚ್‌ಆರ್ ಪತ್ರದಲ್ಲಿ 40, ಮ್ಯಾನೇಜರ್ ಪತ್ರದಲ್ಲಿ 45 ಇದ್ದರೆ ಯಾವುದು ಸರಿ ಎಂಬ ಪ್ರಶ್ನೆಯನ್ನು ನೀವೇ ಅಧಿಕಾರಿಯ ಕೈಗೆ ಕೊಟ್ಟಂತೆ. ಎಚ್‌ಆರ್ ಹೇಳಿದ್ದನ್ನೇ ಉಳಿಸಿಕೊಳ್ಳಿ.

ಹೀಗೆ ತಿದ್ದಿದ ಕರಡನ್ನು ಅವರಿಗೆ ಹೇಗೆ ಕಳಿಸುತ್ತೀರಿ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಟೂರ್‌ನಲ್ಲಿರುವ ಮನುಷ್ಯನಿಗೆ ಸಿದ್ಧವಾದ ಪಿಡಿಎಫ್ ಕಳಿಸಿದರೆ ಅವರು ಮಾಡುವುದು ಒಂದೇ, ಕೊನೆಯ ಪುಟಕ್ಕೆ ಹೋಗಿ ಸಹಿ. ಓದದೆ ಹಾಕಿದ ಸಹಿ ಅವರದೇ ಕೈಯದ್ದಾದರೂ ಕರೆ ಬಂದ ದಿನ ಅದರ ಬೆಲೆ ನೀವು ಹಾಕಿದ ಸಹಿಗಿಂತ ಹೆಚ್ಚೇನಲ್ಲ. ಆದ್ದರಿಂದ ವರ್ಡ್ ಫೈಲ್ ಕಳಿಸಿ, ಮತ್ತು ಅವರೇ ತುಂಬಬೇಕಾದ ಜಾಗಗಳನ್ನು ಖಾಲಿ ಬಿಟ್ಟು ಹಳದಿ ಬಣ್ಣ ಹಚ್ಚಿ: ನೀವು ಅವರಿಗೆ ವರದಿ ಮಾಡಿದ ಅವಧಿ, ಅವರ ಆಗಿನ ಹುದ್ದೆ, ನೀವು ಎಷ್ಟು ಜನರಿಗೆ ಮಾರ್ಗದರ್ಶನ ಮಾಡಿದಿರಿ, ಮತ್ತು ನಿಮ್ಮ ಕೆಲಸದ ಬಗ್ಗೆ ಅವರದೇ ಮಾತಿನ ಒಂದು ವಾಕ್ಯ. ಖಾಲಿ ಜಾಗ ತುಂಬಬೇಕೆಂದರೆ ಅದರ ಹಿಂದುಮುಂದಿನ ಸಾಲನ್ನು ಓದಲೇಬೇಕು. ಓದುತ್ತಾರೋ ಇಲ್ಲವೋ ನೋಡಲು ಬೇಕೆಂದೇ ತಪ್ಪು ಸೇರಿಸುವವರಿದ್ದಾರೆ. ಆ ಜಾಣತನ ಬೇಡ, ಅವರು ಓದದಿದ್ದರೆ ಆ ತಪ್ಪು ನಿಮ್ಮ ಅರ್ಜಿಯಲ್ಲೇ ಕೂರುತ್ತದೆ.

ಜೊತೆಗಿನ ಮೇಲ್ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು: “ಸರ್, ನಿಮ್ಮ ಸಮಯ ಉಳಿಯಲೆಂದು ಕರಡು ನಾನೇ ಮಾಡಿದ್ದೇನೆ. ಇದು ವಲಸೆ ಅರ್ಜಿಗೆ ಹೋಗುತ್ತದೆ, ಅಲ್ಲಿಂದ ನಿಮಗೆ ಕರೆ ಅಥವಾ ಮೇಲ್ ಬರಬಹುದು. ಹಳದಿ ಜಾಗಗಳನ್ನು ನೀವೇ ತುಂಬಿ. ನಿಮ್ಮ ನೆನಪಿಗೆ ಹೊಂದದ ಸಾಲನ್ನು ಯಾವ ಸಂಕೋಚವೂ ಇಲ್ಲದೆ ಹೊಡೆದುಹಾಕಿ.” ಆಮೇಲೆ ಇದೇ ಮಾತನ್ನು ಫೋನಿನಲ್ಲೂ ಹೇಳಿ, ಹದಿನೈದು ನಿಮಿಷ ಕೇಳಿ, ಬೇಕಾದರೆ ನೀವೇ ಸಾಲು ಸಾಲಾಗಿ ಓದಿ ಹೇಳಿ. ಓದಿಸಿ ಕೇಳುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲವಲ್ಲ. ತಿದ್ದುಪಡಿಯೊಂದಿಗೆ ಅವರಿಂದ ಮೇಲ್ ವಾಪಸ್ ಬರಬೇಕು. ಆ ಮೇಲ್ ಜೋಪಾನವಾಗಿಡಿ. ನಾಳೆ ಯಾರಾದರೂ ಇದನ್ನು ಬರೆದವರು ಯಾರು ಎಂದರೆ, ಕರಡು ನನ್ನದು, ಅವರು ಇಂತಿಂಥದ್ದು ತಿದ್ದಿ ಸಹಿ ಮಾಡಿದರು ಎಂದು ಅಂಜದೆ ಹೇಳಬಹುದು. ಫೈಲಿನ ಒಳಗೆ ಲೇಖಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಬರುತ್ತದೆಂದು ಕೆಲವರು ಹೆದರಿ ಅಳಿಸುತ್ತಾರೆ. ಅಳಿಸುವ ಅಗತ್ಯವಿಲ್ಲ. ಅಳಿಸಬೇಕು ಅನಿಸುತ್ತಿದ್ದರೆ ತೊಂದರೆ ಬೇರೆಲ್ಲೋ ಇದೆ.

ಸಹಿ ಪೆನ್ನಿನದ್ದೇ ಆದರೆ ಒಳ್ಳೆಯದು. ಅವರು ಊರಲ್ಲಿಲ್ಲದಿದ್ದರೆ ಹೋಟೆಲಿನ ರಿಸೆಪ್ಶನ್‌ನಲ್ಲಿ ಪ್ರಿಂಟ್ ತೆಗೆಸಿ, ಸಹಿ ಹಾಕಿ, ಫೋನಿನಲ್ಲೇ ಸ್ಕ್ಯಾನ್ ಮಾಡಿ ತಮ್ಮ ಕಚೇರಿ ಮೇಲ್‌ನಿಂದ ಕಳಿಸಲಿ. ಹತ್ತು ನಿಮಿಷದ ಕೆಲಸ. ಅವರ ಹಳೆಯ ಸಹಿಯ ಚಿತ್ರವನ್ನು ಯಾವುದೋ ಅಪ್ರೈಸಲ್ ಪುಟದಿಂದ ಕತ್ತರಿಸಿ ಅಂಟಿಸುವುದು, ಅವರು ಒಪ್ಪಿದ್ದರೂ, ನೀವು ಹಾಕಿದ ಸಹಿಯೇ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಕೆಲವು ಕನ್ಸಲ್ಟೆಂಟ್‌ಗಳು ಮ್ಯಾನೇಜರ್ ಹೆಸರಿನಲ್ಲಿ ಹೊಸ ಜಿಮೇಲ್ ಖಾತೆ ತೆರೆದು ಪತ್ರದಲ್ಲಿ ಅದನ್ನೇ ಕೊಟ್ಟು, ಪ್ರಶ್ನೆ ಬಂದರೆ ತಾವೇ ಉತ್ತರಿಸುತ್ತಾರೆ. ಕಂಪ್ಯೂಟರ್ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಅಂಥವರಿಂದ ದೂರವಿರಿ.

ಲೆಟರ್‌ಹೆಡ್ ಬಗ್ಗೆ ಒಂದು ಎಚ್ಚರ. ಅದು ಮ್ಯಾನೇಜರ್ ಸ್ವತ್ತಲ್ಲ, ಕಂಪನಿಯದ್ದು. ಎಚ್‌ಆರ್ ಒಪ್ಪಿಗೆಯಿಲ್ಲದೆ ಅದನ್ನು ಬಳಸಿದರೆ ಒಳ್ಳೆಯದು ಮಾಡಹೊರಟ ಅವರ ನೌಕರಿಗೇ ಕುತ್ತು ಬರಬಹುದು. ಕಂಪನಿ ಒಪ್ಪದಿದ್ದರೆ ಅವರು ಬಿಳಿ ಹಾಳೆಯಲ್ಲೇ ವೈಯಕ್ತಿಕವಾಗಿ ಬರೆಯಲಿ, ತಮ್ಮ ಹುದ್ದೆ, ಫೋನ್, ತಾವು ನಿಮಗೆ ಏನಾಗಿದ್ದರು ಎಂಬುದನ್ನು ಸ್ಪಷ್ಟವಾಗಿ ಹೇಳಲಿ. ಈ ನಡುವೆ ಅವರೇ ಕಂಪನಿ ಬಿಟ್ಟಿದ್ದರೆ, ಹಳೆಯ ಹುದ್ದೆಯನ್ನು ಈಗಿನದ್ದು ಎಂಬಂತೆ ಹಾಕದೆ “ಆಗ” ಎಂದೇ ಬರೆಯಲಿ. ನೋಟರಿ ಮುಂದೆ ಅಫಿಡವಿಟ್ ಮಾಡಿಕೊಟ್ಟರೆ ಇನ್ನೂ ಚೆನ್ನ. ಅದರ ಜೊತೆಗೆ ಎಚ್‌ಆರ್ ಸರ್ಟಿಫಿಕೇಟ್, ಆಫರ್ ಲೆಟರ್, ಬಡ್ತಿ ಪತ್ರ, ಸಂಬಳದ ಸ್ಲಿಪ್‌ಗಳು, ಫಾರ್ಮ್ 16, ಪಿಎಫ್ ಖಾತೆಯ ಸರ್ವಿಸ್ ಹಿಸ್ಟರಿ ಸೇರಿಸಿ. ಈ ಕೊನೆಯದರಲ್ಲಿ ಸೇರಿದ, ಬಿಟ್ಟ ದಿನಾಂಕಗಳಿರುತ್ತವೆ, ಅದನ್ನು ನೀವಾಗಲಿ ಮ್ಯಾನೇಜರಾಗಲಿ ಬರೆದದ್ದಲ್ಲ ಎಂಬುದೇ ಅದರ ಗುಣ. ಎಲ್ಲದರ ಮೇಲೆ ನಿಮ್ಮದೇ ಹೆಸರಿನಲ್ಲಿ ಒಂದು ವಿವರಣಾ ಪತ್ರ: ಎಚ್‌ಆರ್‌ಗೆ ಯಾವ ದಿನ ಕೇಳಿದೆ, ಅವರು ಏನೆಂದರು, ಅದಕ್ಕೇ ಈ ದಾಖಲೆಗಳನ್ನು ಕೊಡುತ್ತಿದ್ದೇನೆ. ಎಚ್‌ಆರ್‌ನ ನಿರಾಕರಣೆಯ ಮೇಲ್ ಇದ್ದರೆ ಅದನ್ನೂ ಲಗತ್ತಿಸಿ. ಇಷ್ಟು ಮಾಡಿದರೂ ಅಧಿಕಾರಿ ಒಪ್ಪಲೇಬೇಕೆಂದಿಲ್ಲ. ಆದರೆ ಪುರಾವೆ ಸಾಲದೆ ಅರ್ಜಿ ತಿರಸ್ಕೃತವಾದರೆ ಮತ್ತೆ ಹಾಕಬಹುದು, ಸುಳ್ಳು ಪತ್ರಕ್ಕಾಗಿ ತಿರಸ್ಕೃತವಾದರೆ 5 ವರ್ಷ ಆ ಮಾತೇ ಇಲ್ಲ.

ಐಟಿಎ ಬಂದ ದಿನದಿಂದ ಸಿಗುವುದು 60 ದಿನ, ನಿಮಗೆ ಇನ್ನು 48 ಉಳಿದಿವೆ. ಎಚ್‌ಆರ್‌ಗೆ ಇಂದೇ ಬರೆಯಿರಿ, ಅವರದ್ದೇ ನಿಧಾನ. ಹಿಂದಿನ ಮ್ಯಾನೇಜರನ್ನು ಈ ವಾರ ಹುಡುಕಿ. ಟೂರ್‌ನಲ್ಲಿರುವವರಿಗೆ ಹಳದಿ ಹಚ್ಚಿದ ಕರಡು ಕಳಿಸಿ, ಅವರು ವಾಪಸ್ ಬರುವವರೆಗೆ ಎರಡು ವಾರವಾದರೂ ಕಾಯಿರಿ, ಸಮಯ ಇದೆ.

ಅವರು ಏನಾದರೂ ತಿದ್ದಿದರೆ ಪತ್ರದೊಂದಿಗೆ ನಿಮ್ಮ ಅರ್ಜಿಯ ಉದ್ಯೋಗ ವಿವರದ ಕಾಲಂಗಳನ್ನೂ ಅದಕ್ಕೆ ಹೊಂದಿಸಿ. ಪ್ರೊಫೈಲ್‌ನಲ್ಲಿ 39 ತಿಂಗಳನ್ನೂ 21232 ಎಂದು ಹಾಕಿದ್ದರೆ ಈಗ 14 ಮತ್ತು 25 ಎಂದು ಒಡೆದು ಎರಡು ಸಾಲು ಮಾಡಿ, ಯಾಕೆ ಬದಲಾಯಿತೆಂದು ವಿವರಣಾ ಪತ್ರದಲ್ಲಿ ಒಂದು ಪ್ಯಾರಾ ಬರೆಯಿರಿ. ಹಾಗೆ ಮಾಡಿದ ಮೇಲೆ ನಿಮ್ಮ ಅಂಕ ಮತ್ತೆ ಲೆಕ್ಕ ಹಾಕಿ. ಅದು ನಿಮಗೆ ಆಹ್ವಾನ ಬಂದ ಸುತ್ತಿನ ಕನಿಷ್ಠ ಅಂಕಕ್ಕಿಂತ ಕೆಳಗಿಳಿದರೆ ಈ ಆಹ್ವಾನವನ್ನು ನಿರಾಕರಿಸಿ ಮತ್ತೆ ಆಹ್ವಾನಕ್ಕೆ ಕಾಯುವವರ ಪೂಲ್‌ಗೆ ಹೋಗುವುದು ಸರಿಯಾದ ದಾರಿ.